ಫೋಟೊ ಮಸುಕಾಗಲು ಕಾರಣ 50 ಕೆಬಿ ಅಲ್ಲ

ಪ್ರಶ್ನೆ: ಸರ್, ನಾನು ಜಗಳೂರಿನವಳು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಗೆ ಅರ್ಜಿ ಹಾಕ್ತಿದ್ದೀನಿ. ಫೋಟೊ 200 × 230 ಪಿಕ್ಸೆಲ್ ಇರಬೇಕು, 20ರಿಂದ 50 ಕೆಬಿ ಒಳಗೆ ಇರಬೇಕು ಅಂತ ಬರೆದಿದ್ದಾರೆ. ದಾವಣಗೆರೆಯಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ ಫೋಟೊ ಇದೆ, 4 ಎಂಬಿ, 3000 × 4000 ಅಂತ ತೋರಿಸುತ್ತೆ. ತುಂಬಾ ಚೆನ್ನಾಗಿದೆ. ಮೊಬೈಲ್ ಆಪ್‌ನಲ್ಲಿ 50 ಕೆಬಿಗೆ ಇಳಿಸಿದರೆ ಮುಖವೆಲ್ಲ ಮಸುಕು. ಸೈಬರ್‌ನಲ್ಲಿ ಮಾಡಿಸಿದ್ದರಲ್ಲಿ ಮುಖ ಊದಿದ ಹಾಗೆ ಕಾಣುತ್ತೆ. ಇನ್ನೊಂದು ಸಲ 20 ಕೆಬಿಗಿಂತ ಕಡಿಮೆ ಇದೆ ಅಂತ ಅರ್ಜಿಯೇ ತಗೊಳ್ಳಲಿಲ್ಲ. ಸರಿಯಾಗಿ ಮಾಡೋದು ಹೇಗೆ?

ಉತ್ತರ: ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಇದೊಂದು ಗೊತ್ತಾದರೆ ಉಳಿದದ್ದು ಸಲೀಸು.

ನಿಮ್ಮ ಸ್ಟುಡಿಯೋ ಫೋಟೊದಲ್ಲಿ 3000ಕ್ಕೆ 4000, ಅಂದರೆ 1.2 ಕೋಟಿ ಪಿಕ್ಸೆಲ್ ಇವೆ. ಅರ್ಜಿಯವರು ಕೇಳುತ್ತಿರುವುದು 200ಕ್ಕೆ 230, ಅಂದರೆ ಬರೀ 46,000 ಪಿಕ್ಸೆಲ್. ಈಗ 50 ಕೆಬಿಯನ್ನು ಇವೆರಡಕ್ಕೂ ಹಂಚಿ ನೋಡಿ. 50 ಕೆಬಿ ಅಂದರೆ 51,200 ಬೈಟ್. 46,000 ಪಿಕ್ಸೆಲ್‌ಗೆ ಹಂಚಿದರೆ ಒಂದೊಂದಕ್ಕೂ ಒಂದು ಬೈಟ್‌ಗಿಂತ ಜಾಸ್ತಿ ಸಿಗುತ್ತದೆ. ಜೆಪೆಗ್ ಫೋಟೊಗೆ ಅದು ಧಾರಾಳ. ಅದೇ 51,200 ಬೈಟನ್ನು 1.2 ಕೋಟಿ ಪಿಕ್ಸೆಲ್‌ಗೆ ಹಂಚಿದರೆ, 234 ಪಿಕ್ಸೆಲ್ ಸೇರಿ ಒಂದು ಬೈಟ್ ಹಂಚಿಕೊಳ್ಳಬೇಕು. ಒಂದು ಎಕರೆ ಮೆಕ್ಕೆಜೋಳಕ್ಕೆ ಸಾಕಾಗುವ ಗೊಬ್ಬರದ ಚೀಲವನ್ನು 260 ಎಕರೆಗೆ ಚೆಲ್ಲಿದ ಹಾಗೆ. ಎಲ್ಲಿಗೂ ಸಾಲುವುದಿಲ್ಲ.

‘50 ಕೆಬಿಗೆ ಇಳಿಸಿ’ ಅನ್ನುವ ಆಪ್‌ಗಳಲ್ಲಿ ಎಷ್ಟೋ ಆಪ್‌ಗಳು ಮಾಡುವುದು ಇದನ್ನೇ. ಅವು ಪಿಕ್ಸೆಲ್ ಮುಟ್ಟುವುದಿಲ್ಲ, ಇಲ್ಲವೇ ಅರೆಬರೆ ಇಳಿಸುತ್ತವೆ. ಕೆಬಿ ಮಾತ್ರ ಹಿಂಡುತ್ತವೆ. ಜೆಪೆಗ್ ಒಂದು ಚಿತ್ರವನ್ನು 8 × 8 ಪಿಕ್ಸೆಲ್‌ನ ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿಕೊಂಡು, ಒಂದೊಂದು ಚೌಕದಲ್ಲೂ ಸಣ್ಣ ವಿವರಗಳನ್ನು ಮೊದಲು ಬಿಸಾಕುತ್ತದೆ. ಹಿಂಡುವುದು ಜಾಸ್ತಿಯಾದಷ್ಟೂ ಹುಬ್ಬಿನ ಕೂದಲು, ರೆಪ್ಪೆ, ಸೀರೆಯ ನೇಯ್ಗೆ ಹೋಗಿ, ಒಂದು ಚೌಕಕ್ಕೆ ಒಂದೇ ಬಣ್ಣ ಬಳಿದ ಹಾಗೆ ಆಗುತ್ತದೆ. ನಿಮಗೆ ಕಂಡ ಮಸುಕು ಇದೇ ಇರಬೇಕು. ಪರೀಕ್ಷಿಸುವುದು ಸುಲಭ. ಆಪ್ ಕೊಟ್ಟ ಫೈಲಿನ ವಿವರ ತೆಗೆದು ನೋಡಿ. ಅಲ್ಲಿ ಈಗಲೂ ಸಾವಿರಗಟ್ಟಲೆ ಪಿಕ್ಸೆಲ್ ತೋರಿಸಿದರೆ, ಆಪ್ ಬರೀ ಕೆಬಿ ಹಿಂಡಿದೆ ಅಂತ ಅರ್ಥ.

ಹಾಗಾಗಿ ಕೆಲಸದ ಸರದಿ ಹೀಗಿರಬೇಕು. ಮೊದಲು ಸರಿಯಾದ ಆಕಾರಕ್ಕೆ ಕತ್ತರಿಸುವುದು. ಆಮೇಲೆ ಒಂದೇ ಏಟಿಗೆ 200 × 230ಕ್ಕೆ ಇಳಿಸುವುದು. ಆಮೇಲೆ ಸ್ವಲ್ಪ ಚುರುಕು ಮಾಡುವುದು. ಕಟ್ಟಕಡೆಗೆ ಕೆಬಿ ನೋಡುವುದು. ಈ ಸರದಿ ತಿರುಗಿದರೆ ಯಾವ ಸಾಫ್ಟ್‌ವೇರ್ ಇದ್ದರೂ ಪ್ರಯೋಜನವಿಲ್ಲ.

ಕತ್ತರಿಸುವುದರಿಂದ ಶುರು ಮಾಡೋಣ. ಯಾಕೆಂದರೆ ನಿಮ್ಮ ಮುಖ ಊದಿಕೊಂಡದ್ದು ಇಲ್ಲೇ. ಬ್ಯಾಂಕ್ ಪರೀಕ್ಷೆಯ ಸೂಚನೆಯಲ್ಲಿ ಎರಡು ಅಳತೆ ಇರುತ್ತವೆ. ಒಂದು ಕಡೆ 4.5 ಸೆಂ.ಮೀ. × 3.5 ಸೆಂ.ಮೀ. ಅಂತ, ಇನ್ನೊಂದು ಕಡೆ 200 × 230 ಪಿಕ್ಸೆಲ್ ಅಂತ. ಎರಡೂ ಒಂದೇ ಆಕಾರ ಅಂದುಕೊಂಡರೆ ಕೆಟ್ಟಿತು. 3.5ನ್ನು 4.5ರಿಂದ ಭಾಗಿಸಿದರೆ 0.78 ಬರುತ್ತದೆ. 200ನ್ನು 230ರಿಂದ ಭಾಗಿಸಿದರೆ 0.87. ಎರಡನೆಯದು ಜಾಸ್ತಿ ಅಗಲ. ಸ್ಟುಡಿಯೋ, ಸೈಬರ್‌ಗಳಲ್ಲಿ ಪಾಸ್‌ಪೋರ್ಟ್ ಅಳತೆಯ 3.5 × 4.5 ಚೌಕಟ್ಟು ಮೊದಲೇ ಸಿದ್ಧ ಇರುತ್ತದೆ. ಅದರಲ್ಲಿ ಕತ್ತರಿಸಿ, ಆಮೇಲೆ 200, 230 ಅಂತ ಒತ್ತಾಯದಿಂದ ಕೂರಿಸುತ್ತಾರೆ. 230 ಎತ್ತರಕ್ಕೆ ಆ ಚೌಕಟ್ಟಿನ ಸಹಜ ಅಗಲ 179 ಪಿಕ್ಸೆಲ್. ಅದನ್ನು 200ಕ್ಕೆ ಎಳೆದರೆ ಮುಖ ಸುಮಾರು ಶೇ. 12ರಷ್ಟು ಅಗಲವಾಗುತ್ತದೆ. ನೋಡಿದವರಿಗೆ ಏನೋ ಸರಿಯಿಲ್ಲ ಅನ್ನಿಸುತ್ತದೆ, ಏನು ಅಂತ ಥಟ್ಟನೆ ಹೊಳೆಯುವುದಿಲ್ಲ. ಹಣೆಯಲ್ಲಿ ದುಂಡಗಿನ ಬಿಂದಿ ಇದ್ದರೆ ಅದನ್ನು ನೋಡಿ. ಅಡ್ಡಕ್ಕೆ ಮೊಟ್ಟೆಯಾಕಾರ ಆಗಿದ್ದರೆ ಫೋಟೊ ಎಳೆದಿದ್ದಾರೆ. ಬಿಂದಿ ಇಲ್ಲದಿದ್ದರೆ ಕಣ್ಣಿನ ಪಾಪೆ ನೋಡಬಹುದು, ಅದೂ ದುಂಡಗೇ ಇರಬೇಕು.

ಅರ್ಜಿಯ ತಂತ್ರಾಂಶ ನೋಡುವುದು ಪಿಕ್ಸೆಲ್ಲನ್ನು. ಸೆಂಟಿಮೀಟರ್ ಇರುವುದು ಕಾಗದದ ಫೋಟೊ ಅಂಟಿಸುವವರಿಗೆ, ಸ್ಕ್ಯಾನ್ ಮಾಡುವವರಿಗೆ. ಆದ್ದರಿಂದ ಮೂಲ ಫೋಟೊದಿಂದಲೇ 200:230 ಆಕಾರದಲ್ಲಿ ಕತ್ತರಿಸಿ. ಡಿಪಿಐ, ಅಂದರೆ ಇಂಚಿಗೆ ಎಷ್ಟು ಚುಕ್ಕೆ ಅನ್ನುವ ಲೆಕ್ಕ, ಅದರ ವಿಷಯವೂ ಹಾಗೆಯೇ. 200 × 230 ಪಿಕ್ಸೆಲ್ ಅಂತ ಹೇಳಿದ ಮೇಲೆ ಫೈಲಿನೊಳಗೆ 72 ಡಿಪಿಐ ಅಂತಿರಲಿ, 300 ಅಂತಿರಲಿ, ಚಿತ್ರ ಒಂದಿಷ್ಟೂ ಬದಲಾಗುವುದಿಲ್ಲ. ಸ್ಕ್ಯಾನರ್‌ನಲ್ಲಿ ಸ್ಕ್ಯಾನ್ ಮಾಡುವಾಗ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಹತ್ತಿರ ಸ್ಟುಡಿಯೋ ಫೈಲೇ ಇರುವುದರಿಂದ ಮರೆತುಬಿಡಿ.

ಎಷ್ಟು ಬಿಗಿಯಾಗಿ ಕತ್ತರಿಸಬೇಕು ಅನ್ನುವುದು ಇನ್ನೂ ಮುಖ್ಯ. ನನ್ನ ಪ್ರಕಾರ ಮಸುಕಿನ ದೂರುಗಳಲ್ಲಿ ಅರ್ಧಕ್ಕರ್ಧ ಇಲ್ಲಿಂದಲೇ ಬರುತ್ತವೆ. ನಿಮ್ಮ ಫೋಟೊದಲ್ಲಿ ತಲೆಯ ತುದಿಯಿಂದ ಗದ್ದದವರೆಗೆ ಸುಮಾರು 1200 ಪಿಕ್ಸೆಲ್ ಇದೆ ಅಂತಿಟ್ಟುಕೊಳ್ಳಿ. ಸ್ಟುಡಿಯೋದಲ್ಲಿ ಎದೆಮಟ್ಟಕ್ಕೆ ತೆಗೆದ 3000 × 4000 ಫೋಟೊದಲ್ಲಿ ಹೀಗಿರುವುದು ಸಹಜ. 1600 × 1840 ಅಳತೆಯಲ್ಲಿ ಕತ್ತರಿಸಿ. ಇದು 200 × 230ರ ಸರಿಯಾಗಿ 8 ಪಟ್ಟು. ಇಳಿಸಿದ ಮೇಲೆ ತಲೆಗೆ 150 ಪಿಕ್ಸೆಲ್ ಎತ್ತರ ಸಿಗುತ್ತದೆ, ಅಂದರೆ ಚೌಕಟ್ಟಿನ ಮೂರನೇ ಎರಡು ಭಾಗ. ಒಂದೊಂದು ಕಣ್ಣಿಗೂ ಅಂದಾಜು 20 ಪಿಕ್ಸೆಲ್ ಅಗಲ. ಇಷ್ಟಿದ್ದರೆ ಪಾಪೆ, ರೆಪ್ಪೆ ಬೇರೆ ಬೇರೆಯಾಗಿ ಕಾಣುತ್ತವೆ. ಇದರ ಬದಲು ಭುಜ, ಎದೆ, ಹಿಂದಿನ ಪರದೆ ಎಲ್ಲ ಇರಲಿ ಅಂತ ಸಡಿಲವಾಗಿ ಬಿಟ್ಟರೆ ತಲೆಗೆ 70–80 ಪಿಕ್ಸೆಲ್ ಮಾತ್ರ ಉಳಿಯುತ್ತದೆ. ಒಂದು ಕಣ್ಣಿಗೆ 10. ಹತ್ತು ಪಿಕ್ಸೆಲ್‌ನಲ್ಲಿ ಕಣ್ಣು ಬಿಡಿಸಲು ಯಾವ ತಂತ್ರಾಂಶಕ್ಕೂ ಆಗುವುದಿಲ್ಲ. ಹಾಗಂತ ಕಿವಿ, ತಲೆಯ ತುದಿ ಕತ್ತರಿಸಿ ಹೋಗುವಷ್ಟು ಬಿಗಿಯೂ ಬೇಡ. ತಲೆಯ ಮೇಲೆ ಸ್ವಲ್ಪ ಜಾಗ, ಕೆಳಗೆ ಭುಜ ಶುರುವಾಗುವಷ್ಟು ಇರಲಿ.

ಈಗ ಇಳಿಸುವ ಕೆಲಸ. ಕಂಪ್ಯೂಟರ್ ಸಿಕ್ಕರೆ GIMP ಅನ್ನುವ ಉಚಿತ ತಂತ್ರಾಂಶ ಸಾಕು. ಫೋಟೊ ತೆರೆದು ಕ್ರಾಪ್ ಸಾಧನ ತೆಗೆದುಕೊಳ್ಳಿ. ಅದರ ಆಯ್ಕೆಗಳಲ್ಲಿ Fixed ಟಿಕ್ ಮಾಡಿ, Aspect ratio ಆರಿಸಿ, ಕೆಳಗಿನ ಜಾಗದಲ್ಲಿ 200:230 ಅಂತ ಟೈಪ್ ಮಾಡಿ. ಇನ್ನು ನೀವು ಎಷ್ಟೇ ಎಳೆದರೂ ಆಕಾರ ಕೆಡುವುದಿಲ್ಲ. ಮುಖಕ್ಕೆ ಹೊಂದಿಸಿ ಎಂಟರ್ ಒತ್ತಿ. ಆಮೇಲೆ Image ಮೆನುವಿನಲ್ಲಿ Scale Image. ಅಗಲ 200 ಕೊಟ್ಟರೆ ಎತ್ತರ ತಾನೇ 230 ಬರಬೇಕು. 229 ಅಥವಾ 231 ಬಂದರೆ ಪಕ್ಕದ ಸರಪಳಿ ಗುರುತು ಬಿಡಿಸಿ 230 ಮಾಡಿ. ಒಂದು ಪಿಕ್ಸೆಲ್ ಎಳೆದದ್ದು ಯಾರಿಗೂ ಕಾಣುವುದಿಲ್ಲ. ಅಲ್ಲೇ ಕೆಳಗೆ Interpolation ಅಂತ ಇದೆ. ಅದು Cubic ಇರಲಿ. None ಇಟ್ಟರೆ ಅಡ್ಡಕ್ಕೂ ಉದ್ದಕ್ಕೂ ಎಂಟು ಪಿಕ್ಸೆಲ್‌ನಲ್ಲಿ ಒಂದನ್ನು ಇಟ್ಟುಕೊಂಡು ಏಳನ್ನು ಎಸೆದುಬಿಡುತ್ತದೆ. ಆಗ ಕನ್ನಡಕದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ, ಹಣೆಯ ಮೇಲಿನ ಕೂದಲು ತುಂಡು ತುಂಡಾಗುತ್ತದೆ.

ಒಂದೇ ಏಟಿಗೆ ಇಳಿಸಿ ಅಂದದ್ದಕ್ಕೆ ಕಾರಣವಿದೆ. ಮೊದಲು 1000ಕ್ಕೆ ಇಳಿಸಿ ಸೇವ್ ಮಾಡಿ, ಅದನ್ನು ಮತ್ತೆ ತೆರೆದು 500, ಮತ್ತೆ 200 ಅಂತ ಮಾಡುವವರಿದ್ದಾರೆ. ಪ್ರತಿ ಸಲ ಜೆಪೆಗ್ ಆಗಿ ಸೇವ್ ಮಾಡಿದಾಗಲೂ ಸ್ವಲ್ಪ ವಿವರ ಹೋಗುತ್ತದೆ. ಹೋದದ್ದು ವಾಪಸ್ ಬರುವುದಿಲ್ಲ. ಕೆಟ್ಟಿತು ಅನ್ನಿಸಿದರೆ ಕೆಟ್ಟ ಫೈಲನ್ನೇ ರಿಪೇರಿ ಮಾಡಲು ಕೂರಬೇಡಿ. 4 ಎಂಬಿಯ ಮೂಲ ಫೈಲಿನಿಂದ ಮತ್ತೆ ಶುರು ಮಾಡಿ. ಮೂಲ ಫೈಲಿನ ಮೇಲೆ ಸೇವ್ ಮಾಡದೆ ಬೇರೆ ಹೆಸರು ಕೊಡುವ ಅಭ್ಯಾಸ ಇದ್ದರೆ ಇನ್ನೂ ಒಳ್ಳೆಯದು.

ಇಳಿಸಿದ ಕೂಡಲೇ ಫೋಟೊ ಸ್ವಲ್ಪ ಸಪ್ಪೆಯಾಗಿ ಕಾಣುತ್ತದೆ. ಅದು ಸಹಜ. 8ಕ್ಕೆ 8, ಅಂದರೆ 64 ಪಿಕ್ಸೆಲ್‌ಗಳು ಬೆರೆತು ಒಂದಾಗಿವೆ. ಕಪ್ಪು ಹುಬ್ಬಿನ ಅಂಚು, ಅದರ ಪಕ್ಕದ ಚರ್ಮ, ಎರಡೂ ಸೇರಿ ಮಧ್ಯದ ಬಣ್ಣ ಬಂದಿದೆ. ಇದಕ್ಕೆ ಮದ್ದು Filters ಮೆನುವಿನ Enhance ಒಳಗಿರುವ Sharpen (Unsharp Mask). ಅಲ್ಲಿ Radius 0.5, Amount ಕೂಡ 0.5 ಕೊಟ್ಟು ನೋಡಿ. ಕಣ್ಣಿನ ಗೆರೆ, ತುಟಿಯ ಅಂಚು ಎದ್ದು ಬರುತ್ತವೆ. ಇಷ್ಟೇ ಸಾಕು. ಇನ್ನೂ ಇರಲಿ ಅಂತ ಏರಿಸುತ್ತಾ ಹೋದರೆ ಭುಜದ ಅಂಚಿಗೆ, ಕೆನ್ನೆಯ ಅಂಚಿಗೆ ಬಿಳಿ ಗೆರೆ ಹುಟ್ಟುತ್ತದೆ, ಚರ್ಮದ ಮೇಲೆ ಚುಕ್ಕೆ ಚುಕ್ಕೆ ಬರುತ್ತದೆ. ಬಿಳಿ ಗೆರೆ ಕಂಡ ತಕ್ಷಣ ಹಿಂದಕ್ಕೆ ಬನ್ನಿ. ಈ ಚುರುಕು ಮಾಡುವುದು ಇಳಿಸಿದ ಮೇಲೆಯೇ ಆಗಬೇಕು. ದೊಡ್ಡ ಫೋಟೊದಲ್ಲಿ ಮೊದಲೇ ಮಾಡಿದರೆ, ಇಳಿಸುವಾಗ ಆ ಚುರುಕೆಲ್ಲ ಬೆರೆತು ಮಾಯವಾಗುತ್ತದೆ.

ಈಗ ಕೆಬಿ. ಇಲ್ಲಿ ಎಲ್ಲರಿಗೂ ಆಶ್ಚರ್ಯ ಆಗುವ ವಿಷಯ ಒಂದಿದೆ. 200 × 230 ಫೋಟೊಗೆ 50 ಕೆಬಿ ಮೇಲ್ಮಿತಿ ಕಷ್ಟವೇ ಅಲ್ಲ. ಕಷ್ಟ ಇರುವುದು 20 ಕೆಬಿ ಮುಟ್ಟುವುದರಲ್ಲಿ. ಏನೂ ಹಿಂಡದೆ ಇಟ್ಟರೂ 46,000 ಪಿಕ್ಸೆಲ್‌ಗೆ ಪಿಕ್ಸೆಲ್‌ಗೆ ಮೂರು ಬೈಟ್‌ನಂತೆ ಸುಮಾರು 135 ಕೆಬಿ ಆಗುತ್ತದೆ. ಜೆಪೆಗ್ ಅದನ್ನು ಸುಲಭವಾಗಿ ಹತ್ತನೇ ಒಂದು ಭಾಗಕ್ಕೆ ತರುತ್ತದೆ. ಹಿಂದೆ ಬಿಳಿ ಪರದೆ ಬೇರೆ ಇರುತ್ತದೆ, ಬಿಳಿಯಲ್ಲಿ ವಿವರವೇ ಇಲ್ಲ, ಜಾಗ ತಗೊಳ್ಳುವುದಿಲ್ಲ. ಹಾಗಾಗಿ ಮಾಮೂಲಿ ಗುಣಮಟ್ಟ 80–85ರಲ್ಲಿ ಸೇವ್ ಮಾಡಿದರೆ 10–12 ಕೆಬಿ ಬಂದು ಕೂರುತ್ತದೆ. ಅರ್ಜಿ ಬೇಡ ಅನ್ನುತ್ತದೆ. ನಿಮಗೆ ಆದದ್ದು ಇದೇ.

ಅಂದಾಜು ಹೇಳುವುದಾದರೆ, ಬಿಳಿ ಹಿನ್ನೆಲೆಯ ಇಂಥ ಫೋಟೊ ಗುಣಮಟ್ಟ 90ರಲ್ಲಿ 15 ಕೆಬಿ ಆಸುಪಾಸು, 95ರಲ್ಲಿ 20 ದಾಟಿ, 100ರಲ್ಲಿ 35–45 ಬರಬಹುದು. ಹೂವಿನ ಸೀರೆ, ಚೌಕಳಿ ಅಂಗಿ ಇದ್ದರೆ ಜಾಸ್ತಿ. ಹಾಗಾಗಿ ಭಯಪಡದೆ ಗುಣಮಟ್ಟ ಏರಿಸಿ. GIMPನಲ್ಲಿ File ಮೆನುವಿನ Export As ಕೊಟ್ಟು, ಹೆಸರಿನ ಕೊನೆಗೆ .jpg ಹಾಕಿದರೆ ಗುಣಮಟ್ಟದ ಪಟ್ಟಿ ಬರುತ್ತದೆ. ಅಲ್ಲಿ Show preview in image window ಟಿಕ್ ಮಾಡಿದರೆ, ಎಷ್ಟು ಕೆಬಿ ಆಗುತ್ತದೆ ಅಂತ ಆಗಲೇ ತೋರಿಸುತ್ತದೆ. 95ರಿಂದ ಶುರು ಮಾಡಿ, 25ರಿಂದ 45ರ ಮಧ್ಯೆ ಬರುವ ಹಾಗೆ ಹೊಂದಿಸಿಕೊಳ್ಳಿ. 49.8 ಅಂತ ತುದಿಗೆ ತಂದು ನಿಲ್ಲಿಸುವುದು ಬೇಡ. ಕೆಲವು ಕಡೆ ಒಂದು ಕೆಬಿಗೆ 1000 ಬೈಟ್, ಕೆಲವು ಕಡೆ 1024 ಬೈಟ್ ಅಂತ ಎಣಿಸುತ್ತಾರೆ. ನಿಮ್ಮ ಕಂಪ್ಯೂಟರ್‌ನ 49.8 ಅವರ ಲೆಕ್ಕದಲ್ಲಿ 50 ದಾಟಿರಬಹುದು.

ಅದೇ ಪುಟದ Advanced Options ಒಳಗೆ Subsampling ಅಂತ ಇದೆ. ಅದನ್ನು 4:4:4 ಮಾಡಿ. ಇದನ್ನು ಯಾರೂ ಮುಟ್ಟುವುದಿಲ್ಲ, ಆದರೆ ಸಣ್ಣ ಫೋಟೊದಲ್ಲಿ ಇದು ಕಣ್ಣಿಗೆ ಕಾಣುವ ವ್ಯತ್ಯಾಸ ತರುತ್ತದೆ. ಜೆಪೆಗ್ ಜಾಗ ಉಳಿಸಲು ಬೆಳಕು-ನೆರಳನ್ನು ಪೂರ್ತಿ ಇಟ್ಟುಕೊಂಡು, ಬಣ್ಣವನ್ನು ಅಗಲದಲ್ಲಿ ಅರ್ಧ, ಎತ್ತರದಲ್ಲಿ ಅರ್ಧ ಮಾಡುವುದುಂಟು. 4:2:0 ಅಂದರೆ ಅದು. ದೊಡ್ಡ ಫೋಟೊದಲ್ಲಿ ಗೊತ್ತೇ ಆಗುವುದಿಲ್ಲ. ನಿಮ್ಮ 200 × 230ರಲ್ಲಿ ಬಣ್ಣಕ್ಕೆ ಉಳಿಯುವುದು 100 × 115 ಮಾತ್ರ. ಆಗ ಕುಂಕುಮದ ಕೆಂಪು ಹಣೆಗೆ ಸೋರಿದ ಹಾಗೆ, ತುಟಿಯ ಬಣ್ಣ ಸುತ್ತ ಹರಡಿದ ಹಾಗೆ ಕಾಣುತ್ತದೆ. ಕೆಂಪು ಅಂಚಿನ ಸೀರೆ ಉಟ್ಟಿದ್ದರಂತೂ ಇನ್ನೂ ಸ್ಪಷ್ಟ. 4:4:4 ಮಾಡಿದರೆ ಬಣ್ಣವೂ ಪೂರ್ತಿ ಉಳಿಯುತ್ತದೆ, ಕೆಬಿಯೂ ಸ್ವಲ್ಪ ಏರುತ್ತದೆ. ನಮಗೆ ಬೇಕಾಗಿರುವುದೂ ಏರುವುದೇ ಅಲ್ವಾ.

ಇನ್ನು ಕ್ಯಾಮೆರಾದ ಮಾಹಿತಿ, ಅಂದರೆ ಎಕ್ಸಿಫ್, ಮತ್ತು ಸಣ್ಣ ನೋಟದ ಚಿತ್ರ, ಇವು ಕೂಡ ಫೈಲಿನೊಳಗೆ ಜಾಗ ತಿನ್ನುತ್ತವೆ. ಕೆಲವು ಫೋನ್‌ಗಳ ಫೋಟೊದಲ್ಲಿ ಇವೇ ಹತ್ತಾರು ಕೆಬಿ ಇರುತ್ತವೆ. ಗುಣಮಟ್ಟ ಎಷ್ಟು ಇಳಿಸಿದರೂ ಕೆಬಿ ಇಳಿಯುತ್ತಿಲ್ಲ ಅಂದರೆ ಅನುಮಾನ ಇದರ ಮೇಲೆ ಇರಲಿ. ಸೇವ್ ಮಾಡುವಾಗ ಆ ಎರಡು ಟಿಕ್ ತೆಗೆಯಿರಿ.

ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಫೋನಲ್ಲೇ ಆಗಬೇಕು ಅನ್ನುವುದಾದರೆ squoosh.app ಅನ್ನುವ ತಾಣ ಬಳಸಿ. ಗೂಗಲ್ ಕ್ರೋಮ್‌ನ ತಂಡದವರು ಮಾಡಿದ್ದು, ಉಚಿತ. ಕೆಲಸವೆಲ್ಲ ನಿಮ್ಮ ಫೋನಿನ ಬ್ರೌಸರ್ ಒಳಗೇ ನಡೆಯುತ್ತದೆ, ಫೋಟೊ ಇನ್ನೊಬ್ಬರ ಸರ್ವರ್‌ಗೆ ಹೋಗುವುದಿಲ್ಲ. ‘50 ಕೆಬಿ ಫ್ರೀ’ ಅಂತ ಹುಡುಕಿದರೆ ಸಿಗುವ ಎಷ್ಟೋ ತಾಣಗಳಿಗೆ ಫೋಟೊ, ಸಹಿ ಎರಡನ್ನೂ ಜನ ಸುಮ್ನೆ ಒಪ್ಪಿಸಿಬಿಡುತ್ತಾರೆ. ಫೋಟೊ ಬಿಡಿ, ಸಹಿಯನ್ನು ಹಾಗೆ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ.

ಫೋನಿನಲ್ಲಿ ಮೊದಲು ಗ್ಯಾಲರಿಯಲ್ಲೇ ಕೈಯಲ್ಲಿ ಎಳೆದು ಕತ್ತರಿಸಿ. ಆಮೇಲೆ ಸ್ಕ್ವೂಶ್‌ನಲ್ಲಿ ತೆರೆದು Resize ಚಾಲೂ ಮಾಡಿ, ವಿಧಾನ Lanczos3 ಇರಲಿ, ಅಗಲಕ್ಕೆ 200 ಕೊಡಿ. ಎತ್ತರ ಎಷ್ಟು ತೋರಿಸುತ್ತದೆ ನೋಡಿ. 228ರಿಂದ 232ರ ಒಳಗೆ ಬಂದರೆ Maintain aspect ratio ತೆಗೆದು 230 ಮಾಡಿ. 257 ಅಂತ ಬಂದರೆ ನೀವು 3.5 × 4.5 ಆಕಾರದಲ್ಲಿ ಕತ್ತರಿಸಿದ್ದೀರಿ ಅಂತ ಅರ್ಥ. ಎಳೆಯಬೇಡಿ, ಗ್ಯಾಲರಿಗೆ ವಾಪಸ್ ಹೋಗಿ ಮೇಲಿನಿಂದಲೋ ಕೆಳಗಿನಿಂದಲೋ ಇನ್ನಷ್ಟು ಕತ್ತರಿಸಿ ಬನ್ನಿ. ಕೆಳಗೆ MozJPEG ಆರಿಸಿ ಗುಣಮಟ್ಟದ ಗುಂಡಿ ಸರಿಸಿದರೆ ಕೆಬಿ ಅಲ್ಲೇ ಬದಲಾಗುತ್ತಾ ಕಾಣುತ್ತದೆ.

ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟುಕೊಂಡವರೂ ಇದನ್ನು ಓದುತ್ತಿರಬಹುದು. ಕೊನೇ ದಿನ ಸಾಲು ನಿಂತಾಗ ಒಂದೊಂದಕ್ಕೂ ಮೆನು ಹುಡುಕುತ್ತಾ ಕೂರಲು ಆಗುವುದಿಲ್ಲ. ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ತಂತ್ರಾಂಶ ಹಾಕಿಕೊಂಡಿದ್ದರೆ ಮೇಲೆ ಹೇಳಿದ ಕೆಲಸವೆಲ್ಲ ಕಮಾಂಡ್ ಪ್ರಾಂಪ್ಟ್‌ನಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ:

```
magick photo.jpg -auto-orient -crop 1600x1840+700+500 +repage -resize 200x230 -unsharp 0x0.5+0.5+0 -strip -sampling-factor 4:4:4 -quality 95 out.jpg
```

700, 500 ಅನ್ನುವುದು ಎಡದಿಂದ ಮತ್ತು ಮೇಲಿನಿಂದ ಎಷ್ಟು ಬಿಟ್ಟು ಕತ್ತರಿಸಬೇಕು ಅನ್ನುವ ಲೆಕ್ಕ. 3000 ಅಗಲದಲ್ಲಿ 1600 ಮಧ್ಯಕ್ಕೆ ಬರಬೇಕಾದರೆ ಎರಡೂ ಕಡೆ 700 ಉಳಿಯುತ್ತದೆ. ಮೇಲಿನ 500ನ್ನು ಮುಖ ನೋಡಿ ಬದಲಿಸಿಕೊಳ್ಳಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ನೀವು ಫೋನಿನ ಗ್ಯಾಲರಿಯಲ್ಲಿ ಫೋಟೊ ತೆರೆದು ‘ಅಯ್ಯೋ, ಮಸುಕೇ ಇದೆ’ ಅನ್ನುವ ಸಾಧ್ಯತೆ ಇದೆ. ಫೋನಿನ ಪರದೆಗೆ ಅಡ್ಡಕ್ಕೆ 1080 ಪಿಕ್ಸೆಲ್ ಅಂತಿಟ್ಟುಕೊಳ್ಳಿ. ನಿಮ್ಮ 200 ಪಿಕ್ಸೆಲ್ ಚಿತ್ರವನ್ನು ಗ್ಯಾಲರಿ ಐದು ಪಟ್ಟಿಗಿಂತ ಜಾಸ್ತಿ ಹಿಗ್ಗಿಸಿ ಪರದೆ ತುಂಬಾ ತೋರಿಸುತ್ತದೆ. ಹಿಗ್ಗಿಸಿದ್ದು ಮಸುಕಾಗಿಯೇ ಕಾಣಬೇಕು. ಅದು ಫೈಲಿನ ದೋಷವಲ್ಲ. ಕಂಪ್ಯೂಟರ್‌ನಲ್ಲಿ ಶೇ. 100 ಗಾತ್ರದಲ್ಲಿ ನೋಡಿ, ಇಲ್ಲವೇ ಅರ್ಜಿಯ ಪ್ರಿವ್ಯೂ ಪುಟದಲ್ಲಿ ನೋಡಿ. ಕಣ್ಣು, ಹುಬ್ಬು, ತುಟಿ ಬೇರೆ ಬೇರೆಯಾಗಿ ಕಂಡರೆ ಆಯಿತು. ಪ್ರವೇಶ ಪತ್ರದಲ್ಲಿ 3.5 ಸೆಂ.ಮೀ. ಅಗಲಕ್ಕೆ ಮುದ್ರಿಸಿದರೂ 200 ಪಿಕ್ಸೆಲ್ ಅಂದರೆ ಇಂಚಿಗೆ 145 ಚುಕ್ಕೆ ಅಷ್ಟೇ. ಸ್ಟುಡಿಯೋ ಪ್ರಿಂಟ್ ಸಾಮಾನ್ಯವಾಗಿ ಇಂಚಿಗೆ 300 ಚುಕ್ಕೆಯದು. ಆ ಮಟ್ಟದ ಚುರುಕು ಈ ಅಳತೆಯಲ್ಲಿ ಯಾರಿಗೂ ಸಿಗುವುದಿಲ್ಲ.

ಮೂಲ ಫೈಲಿನ ಬಗ್ಗೆ ಒಂದು ಮಾತು. ಸ್ಟುಡಿಯೋದವರಿಂದ ವಾಟ್ಸ್ಯಾಪ್‌ನಲ್ಲಿ ತರಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಾಮೂಲಿಯಾಗಿ ಕಳಿಸಿದರೆ ಅದು ಪಿಕ್ಸೆಲ್ಲನ್ನೂ ಇಳಿಸುತ್ತದೆ, ಒಂದು ಸುತ್ತು ಹಿಂಡುತ್ತದೆ. ಆದರೂ ಗಾಬರಿ ಬೇಡ. ಬರೀ 200 × 230 ಬೇಕಾಗಿರುವಾಗ ವಾಟ್ಸ್ಯಾಪ್ ಫೋಟೊದಲ್ಲೂ ಕತ್ತರಿಸಿದ ಭಾಗ 800 ಪಿಕ್ಸೆಲ್ ಅಗಲ ಉಳಿದರೆ ಕೆಲಸ ನಡೆಯುತ್ತದೆ. ನಿಜವಾಗಿ ಕೆಡುವುದು ಪ್ರಿಂಟ್ ಆದ ಪಾಸ್‌ಪೋರ್ಟ್ ಫೋಟೊವನ್ನು ಮತ್ತೆ ಫೋನಿನಲ್ಲಿ ಫೋಟೊ ಹೊಡೆದಾಗ. ಕೈ ನಡುಗಿದ್ದು, ಕಾಗದದ ಹೊಳಪು, ಟ್ಯೂಬ್‌ಲೈಟ್ ನೆರಳು ಎಲ್ಲ ಸೇರಿ ಬರುತ್ತದೆ. ಪ್ರಿಂಟ್ ಒಂದೇ ಇದ್ದರೆ ಸ್ಕ್ಯಾನರ್‌ನಲ್ಲಿ 300 ಡಿಪಿಐಗೆ ಸ್ಕ್ಯಾನ್ ಮಾಡಿಸಿ. 3.5 ಸೆಂ.ಮೀ. ಅಗಲಕ್ಕೆ ಸುಮಾರು 413 ಪಿಕ್ಸೆಲ್ ಬರುತ್ತದೆ, ಸಾಕು.

ನೀವು ಸಹಿಯ ಬಗ್ಗೆ ಕೇಳಿಲ್ಲ, ಆದರೆ ಮುಂದಿನ ಪುಟದಲ್ಲಿ ಅದೇ ಕಾದಿರುತ್ತದೆ. ಅಲ್ಲಿ 140 × 60 ಪಿಕ್ಸೆಲ್, 10ರಿಂದ 20 ಕೆಬಿ ಅಂತ ಇರುತ್ತದೆ. ಆಕಾರ 7ಕ್ಕೆ 3. ಬಿಳಿ ಹಾಳೆಯ ಮೇಲೆ 7 × 3 ಸೆಂ.ಮೀ. ಜಾಗದ ತುಂಬಾ ಸಹಿ ಮಾಡಿದರೆ ಒಂದು ಸೆಂಟಿಮೀಟರ್‌ಗೆ ಸಿಗುವುದು 20 ಪಿಕ್ಸೆಲ್. ಬಾಲ್ ಪೆನ್ನಿನ ಗೆರೆ 0.4 ಮಿ.ಮೀ. ದಪ್ಪ ಅಂದರೆ ಒಂದು ಪಿಕ್ಸೆಲ್ ಕೂಡ ಆಗುವುದಿಲ್ಲ. ಕಪ್ಪು ಗೆರೆ ಬಿಳಿಯ ಜೊತೆ ಬೆರೆತು ಬೂದಿ ಬಣ್ಣ ಆಗುತ್ತದೆ. 0.7 ಮಿ.ಮೀ. ಗೆರೆಯ ಕಪ್ಪು ಜೆಲ್ ಪೆನ್ ತಗೊಂಡು 3.5 × 1.5 ಸೆಂ.ಮೀ. ಜಾಗದಲ್ಲಿ ಚಿಕ್ಕದಾಗಿ ಸಹಿ ಮಾಡಿ. ಆಗ ಗೆರೆಗೆ ಸುಮಾರು ಮೂರು ಪಿಕ್ಸೆಲ್ ಸಿಗುತ್ತದೆ, ಗಟ್ಟಿಯಾಗಿ ಕಾಣುತ್ತದೆ.

ಸಹಿಯಲ್ಲೂ ಕಷ್ಟ ಕೊಡುವುದು ಕೆಳಮಿತಿಯೇ. 8,400 ಪಿಕ್ಸೆಲ್‌ನ ಬಿಳಿ ಚಿತ್ರ 10 ಕೆಬಿ ಮುಟ್ಟಲು ಗುಣಮಟ್ಟ 100, 4:4:4 ಎರಡೂ ಬೇಕಾಗಬಹುದು. ಹಿನ್ನೆಲೆಯನ್ನು ತೊಳೆದಷ್ಟು ಬಿಳಿ ಮಾಡಬೇಡಿ. ಕಾಗದದ ಸಣ್ಣ ಒರಟು ಉಳಿದರೆ ಕೆಬಿ ತಾನೇ ಏರುತ್ತದೆ. ಆಗಲೂ ಬರಲಿಲ್ಲ ಅಂದರೆ, ಫೋಟೊದಲ್ಲಿ ತೆಗೆಯಲು ಹೇಳಿದ ಆ ಎಕ್ಸಿಫ್ ಟಿಕ್ಕನ್ನು ಇಲ್ಲಿ ಹಾಗೇ ಬಿಡಿ, ಒಂದೆರಡು ಕೆಬಿ ಅದರಿಂದ ಸೇರುತ್ತದೆ. ಸೂಚನೆಯಲ್ಲಿ ಪಿಕ್ಸೆಲ್ ಪಕ್ಕ preferred ಅಂತ ಬರೆದಿದ್ದರೆ ಅದೇ ಆಕಾರದಲ್ಲಿ 280 × 120 ಮಾಡಿ ನೋಡಬಹುದು. ಸಹಿಯನ್ನು ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಮಾತ್ರ ಬರೆಯಬೇಡಿ. ಬ್ಯಾಂಕ್ ಪರೀಕ್ಷೆಯಲ್ಲಿ ಅಂಥದ್ದನ್ನು ಒಪ್ಪುವುದಿಲ್ಲ ಅಂತ ಸೂಚನೆಯಲ್ಲೇ ಇದೆ.